ಮೊಬೈಲಿನ ಪ್ರಯಾಣ ದಾಖಲೆಯಿಂದ ವೆಚ್ಚದ ವೋಚರ್

ವ್ಯಾಪಾರ ನಿಮಿತ್ತ ಮಾಡಿದ ಪ್ರಯಾಣದ ವೋಚರನ್ನು ಅಂದೇ ಬರೆಯದೆ, ತಿಂಗಳ ಕೊನೆಯಲ್ಲಿ ನೆನಪಿನಿಂದ ತುಂಬುವ ರೂಢಿ ಅನೇಕ ಸಂಸ್ಥೆಗಳಲ್ಲಿದೆ. ಇಂತಹ ಸಂದರ್ಭದಲ್ಲಿ ಗೂಗಲ್ ಮ್ಯಾಪ್ಸ್‌ನ Timeline ಎಂಬ ಸ್ಥಳ ದಾಖಲೆ ನೆರವಾಗುತ್ತದೆ. ಆದರೆ ಅದು ಏನನ್ನು ಸಾಬೀತುಪಡಿಸುತ್ತದೆ, ಏನನ್ನು ಇಲ್ಲ ಎಂಬುದನ್ನು ಅರಿತು ಬಳಸಬೇಕು.

ಸಾಸ್ವೆಹಳ್ಳಿಯ ಒಬ್ಬ ಮೆಕ್ಕೆಜೋಳದ ವರ್ತಕರ ಗುಮಾಸ್ತರು ದಾವಣಗೆರೆಗೆ ಸ್ವಂತ ಬೈಕಿನಲ್ಲಿ ಹೋಗಿಬಂದು, ಐದು ವಾರಗಳ ನಂತರ ವೆಚ್ಚ ಕೇಳುತ್ತಾರೆಂದು ಭಾವಿಸೋಣ. ಮೊದಲು Timeline ತೆರೆದು ಆ ದಿನಾಂಕವನ್ನು ಆರಿಸಬೇಕು. ಹೊರಟ ವೇಳೆ, ನಿಂತ ಸ್ಥಳಗಳು, ತಂಗಿದ ಅವಧಿ ಹಾಗೂ ಅಂದಾಜು ದೂರ ಅಲ್ಲಿ ಕಾಣುತ್ತವೆ. ಒಟ್ಟು ದೂರ 142 ಕಿ.ಮೀ. ಎಂದಿದ್ದು, ಅದರಲ್ಲಿ 18 ಕಿ.ಮೀ. ಬಂಧುಗಳ ಮನೆಗೆ ಹೋದದ್ದಾದರೆ ಅದನ್ನು ಕಳೆಯತಕ್ಕದ್ದು. ಉಳಿದ 124 ಕಿ.ಮೀ.ಗೆ, ಸಂಸ್ಥೆ ನಿಗದಿಪಡಿಸಿದ ದರ ಕಿ.ಮೀ.ಗೆ ರೂ. 9 ಆಗಿದ್ದರೆ, ರೂ. 1,116 ಆಗುತ್ತದೆ.

ಇಲ್ಲಿಗೆ ಕೆಲಸ ಮುಗಿಯುವುದಿಲ್ಲ. ಈ ದಾಖಲೆ ಹೇಳುವುದು ಫೋನ್ ಎಲ್ಲಿತ್ತು ಎಂಬುದನ್ನು ಮಾತ್ರ. ಅದು ಯಾರ ಜೇಬಿನಲ್ಲಿತ್ತು, ಯಾವ ವ್ಯವಹಾರಕ್ಕೆ ಹೋಯಿತು ಎಂಬುದನ್ನಲ್ಲ. ಸಾಲು ಅಂಗಡಿಗಳಿರುವಲ್ಲಿ ಪಕ್ಕದ ಮಳಿಗೆಯ ಹೆಸರು ಬರುವುದುಂಟು. ಸಂಕೇತ ತಪ್ಪಿದ ಅಥವಾ ಫೋನ್ ಸ್ಥಗಿತಗೊಂಡ ಭಾಗದಲ್ಲಿ ಎರಡು ಬಿಂದುಗಳ ನಡುವೆ ನೇರ ಗೆರೆ ಕಂಡುಬಂದರೆ, ಅಲ್ಲಿನ ದೂರ ರಸ್ತೆಯ ದೂರಕ್ಕಿಂತ ಕಡಿಮೆಯಿರುತ್ತದೆ. ಅಂತಹ ಭಾಗಕ್ಕೆ ಅದೇ ಮ್ಯಾಪ್‌ನಲ್ಲಿ ರಸ್ತೆಯ ದೂರವನ್ನು ಅಳೆಯಬೇಕು. ಮಿಗಿಲಾಗಿ, ಈ ದಾಖಲೆಯನ್ನು ಬಳಕೆದಾರರೇ ತಿದ್ದಬಹುದು. ಆದ್ದರಿಂದ ಅದು ಸ್ವತಂತ್ರ ಸಾಕ್ಷ್ಯವಲ್ಲ, ನೆನಪಿಗೆ ಊರುಗೋಲು.

ಸ್ವತಂತ್ರ ಸಾಕ್ಷ್ಯ ಹೊರಗಿನವರಿಂದ ಬರಬೇಕು. ಮೇಲಿನ ಉದಾಹರಣೆಯಲ್ಲಿ ಎ.ಪಿ.ಎಂ.ಸಿ. ಪ್ರಾಂಗಣದ ತೂಕದ ಚೀಟಿ, ಪೆಟ್ರೋಲ್ ಬಂಕಿನ ಯು.ಪಿ.ಐ. ಪಾವತಿ, ಖರೀದಿದಾರರ ರಸೀದಿ ಇವುಗಳ ವೇಳೆಯನ್ನು Timeline ವೇಳೆಯೊಂದಿಗೆ ತಾಳೆ ನೋಡಬೇಕು. ತೂಕದ ಚೀಟಿ 11.40ರದ್ದಾಗಿದ್ದು, ಫೋನ್ ಆಗ ಹೊನ್ನಾಳಿಯಲ್ಲಿತ್ತೆಂದು ಕಂಡರೆ, ದಿನಾಂಕವೋ ವ್ಯಕ್ತಿಯೋ ತಪ್ಪಿದೆ ಎಂದರ್ಥ. ವಿಚಾರಿಸದೆ ಹಣ ಪಾವತಿಸಬಾರದು. ಬೈಕಿಗೆ ಕಿ.ಮೀ. ದರ ಕೊಟ್ಟ ಮೇಲೆ ಅದೇ ಪ್ರಯಾಣದ ಪೆಟ್ರೋಲ್ ಬಿಲ್ಲನ್ನು ಪ್ರತ್ಯೇಕವಾಗಿ ಪಾವತಿಸುವಂತಿಲ್ಲ. ಅದು ಇಲ್ಲಿ ಕೇವಲ ಸಾಕ್ಷ್ಯ.

ವೋಚರಿಗೆ ಪ್ರಯಾಣದ ದಿನಾಂಕವನ್ನೇ ಹಾಕಿ ಅಂದೇ ಬರೆದಂತೆ ತೋರಿಸುವುದು ಸಲ್ಲದು. ಬರೆದ ದಿನಾಂಕವನ್ನು ನಮೂದಿಸಿ, “ಮೊಬೈಲ್ ಸ್ಥಳ ದಾಖಲೆ ಹಾಗೂ ಲಗತ್ತಿಸಿದ ಚೀಟಿಗಳ ಆಧಾರದಿಂದ ಸಿದ್ಧಪಡಿಸಿದ್ದು” ಎಂದು ಬರೆದು, ಭೇಟಿಯ ಉದ್ದೇಶ, ಕಳೆದ ಖಾಸಗಿ ದೂರ ಮತ್ತು ದರವನ್ನು ತೋರಿಸಬೇಕು. ಆದಾಯ ತೆರಿಗೆಯಲ್ಲಿ ವೆಚ್ಚವು ಸಂಪೂರ್ಣವಾಗಿ ವ್ಯಾಪಾರಕ್ಕಾಗಿಯೇ ಆಗಿರಬೇಕೆಂಬುದೇ ಪರೀಕ್ಷೆಯಾದ್ದರಿಂದ, ಉದ್ದೇಶವಿಲ್ಲದ ವೋಚರಿಗೆ ದೂರವೆಷ್ಟೇ ನಿಖರವಾಗಿದ್ದರೂ ಬಲವಿಲ್ಲ.

ಕೊನೆಯದಾಗಿ ಕಾಲಮಿತಿ. ಗೂಗಲ್ 2023ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ಬದಲಾವಣೆಯಂತೆ ಈ ದಾಖಲೆ ಈಗ ಫೋನಿನಲ್ಲೇ ಉಳಿಯುತ್ತದೆ. ಬಳಕೆದಾರರು ಬೇರೆ ಅವಧಿ ಆರಿಸದಿದ್ದರೆ ಸಾಮಾನ್ಯವಾಗಿ ಮೂರು ತಿಂಗಳಿಗೆ ಅಳಿಯುತ್ತದೆ. ಬ್ಯಾಕಪ್ ಇಲ್ಲದೆ ಫೋನ್ ಕಳೆದರೆ ದಾಖಲೆಯೂ ಹೋಗುತ್ತದೆ. ಮೊದಲೇ ಚಾಲನೆಯಲ್ಲಿಡದಿದ್ದರೆ ಹಿಂದಿನ ದಿನಗಳು ಅದರಲ್ಲಿ ಸಿಗುವುದೇ ಇಲ್ಲ. ಆದುದರಿಂದ ಮಾರ್ಚ್ ಅಂತ್ಯದ ಲೆಕ್ಕ ಪರಿಶೀಲನೆಗೆ ಕಾಯದೆ, ಆಯಾ ತಿಂಗಳಲ್ಲೇ ಸಂಬಂಧಿಸಿದ ದಿನದ ಪರದೆಯ ಪ್ರತಿಯನ್ನು ಮುದ್ರಿಸಿ ವೋಚರಿಗೆ ಲಗತ್ತಿಸುವುದು ಸೂಕ್ತ.