ಮರೆವಿನ ರೋಗ: ಮರಳಿ ಬರುವ ಪ್ರಶ್ನೆ, ಹೊಸ್ತಿಲು ದಾಟುವ ಹೆಜ್ಜೆ

‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಮುಪ್ಪು ಬಂದೊಡನೆ ಬುದ್ಧಿಯು ಮಸುಕಾಗುವುದು ಸಹಜವೆಂಬುದು ಅದರ ಭಾವ. ವಿಜ್ಞಾನವು ಇದನ್ನು ಒಪ್ಪುವುದಿಲ್ಲ. ಕನ್ನಡಕವನ್ನು ಇಟ್ಟ ಜಾಗವನ್ನು ಮರೆತು, ಸ್ವಲ್ಪ ಹೊತ್ತಿನ ಮೇಲೆ ಜ್ಞಾಪಿಸಿಕೊಳ್ಳುವುದು ಮುಪ್ಪಿನ ಲಕ್ಷಣ. ಊಟ ಮಾಡಿದುದನ್ನೇ ಮರೆತು, ಇತರರು ಜ್ಞಾಪಿಸಿದರೂ ನೆನಪಾಗದಿರುವುದು ರೋಗದ ಲಕ್ಷಣ. ಈ ರೋಗಕ್ಕೆ ವೈದ್ಯರು ಡಿಮೆನ್ಷಿಯ ಎನ್ನುತ್ತಾರೆ. ಇದು ಪಟ್ಟಣದವರಿಗೆ ಮಾತ್ರ ಬರುವ ಕಾಯಿಲೆಯಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನ ಕೇಂದ್ರವು 2018ರಲ್ಲಿ ತನ್ನ ದೀರ್ಘಕಾಲದ ಅಧ್ಯಯನಕ್ಕೆ ಆರಿಸಿಕೊಂಡದ್ದು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳನ್ನು. ನಲವತ್ತೈದು ವರ್ಷ ದಾಟಿದ ಹತ್ತು ಸಾವಿರ ಗ್ರಾಮಸ್ಥರನ್ನು ಮತ್ತೆ ಮತ್ತೆ ಪರೀಕ್ಷಿಸಿ, ಮಿದುಳು ಹೇಗೆ ವೃದ್ಧವಾಗುತ್ತದೆಂಬುದನ್ನು ತಿಳಿಯುವುದು ಅದರ ಗುರಿ.

ಈ ರೋಗದ ಎರಡು ಲಕ್ಷಣಗಳು ಮನೆಮಂದಿಯನ್ನು ಬಹಳವಾಗಿ ದಣಿಸುತ್ತವೆ: ಒಂದೇ ಪ್ರಶ್ನೆಯನ್ನು ಪದೇ ಪದೇ ಕೇಳುವುದು ಮತ್ತು ಹೇಳದೆ ಕೇಳದೆ ಮನೆ ಬಿಟ್ಟು ಹೊರಡುವುದು. ಇವುಗಳ ಕಾರಣವನ್ನೂ ಇವುಗಳನ್ನು ನಿಭಾಯಿಸುವ ಬಗೆಯನ್ನೂ ನಾವಿಲ್ಲಿ ವಿಚಾರಿಸೋಣ.

ನಮ್ಮ ಕಿವಿಗಳಿಂದ ಒಳಕ್ಕೆ, ಮಿದುಳಿನ ಎರಡು ಪಕ್ಕಗಳಲ್ಲಿಯೂ, ಕಡಲಕುದುರೆಯ ಆಕಾರದ ಒಂದೊಂದು ಪುಟ್ಟ ಭಾಗವಿದೆ. ಅದರ ಹೆಸರು ಹಿಪ್ಪೊಕ್ಯಾಂಪಸ್. ಈಗ ತಾನೇ ನಡೆದುದನ್ನು ನೆನಪಾಗಿ ಕಟ್ಟಿಡುವ ಕೆಲಸ ಅದರದು. ಡಿಮೆನ್ಷಿಯದಲ್ಲಿ ಹೆಚ್ಚಾಗಿ ಕಾಣುವ ಆಲ್ಜೈಮರ್ ರೋಗವು ಸಾಮಾನ್ಯವಾಗಿ ಮೊದಲು ಹಾಳುಗೆಡಹುವುದು ಈ ಭಾಗವನ್ನೇ. ಬಹುಕಾಲದ ಹಿಂದಿನ ನೆನಪುಗಳಾದರೋ ಮಿದುಳಿನ ಹೊರಪದರದಲ್ಲಿ ಹರಡಿಕೊಂಡಿರುವುದರಿಂದ ತಡವಾಗಿ ಅಳಿಯುತ್ತವೆ. ಆದುದರಿಂದ ರೋಗಿಗೆ ಬಾಲ್ಯದ ಊರು ನಿಚ್ಚಳವಾಗಿ ಕಾಣುತ್ತದೆ. ಹತ್ತು ನಿಮಿಷದ ಹಿಂದೆ ಕೇಳಿದ ಉತ್ತರ ಇರುವುದಿಲ್ಲ. ನಮಗೆ ಇಪ್ಪತ್ತನೆಯ ಸಲ ಕೇಳಿಸಿದ ಪ್ರಶ್ನೆಯು ಕೇಳಿದವರ ಪಾಲಿಗೆ ಪ್ರತಿಸಲವೂ ಮೊದಲನೆಯದೇ.

ಆದರೆ ಮಾತು ಮರೆತರೂ ಅದು ಉಂಟುಮಾಡಿದ ಭಾವವು ಉಳಿಯುತ್ತದೆ. ಅಮೆರಿಕದ ಅಯೋವ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು 2014ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಆಲ್ಜೈಮರ್ ರೋಗಿಗಳಿಗೆ ದುಃಖದ ಮತ್ತು ಸಂತೋಷದ ಚಲನಚಿತ್ರಗಳ ತುಣುಕುಗಳನ್ನು ತೋರಿಸಿದರು. ಕೆಲವೇ ನಿಮಿಷಗಳಲ್ಲಿ ರೋಗಿಗಳು ಚಿತ್ರವನ್ನು ಬಹುಮಟ್ಟಿಗೆ ಮರೆತರು. ದುಃಖವಾಗಲಿ ಸಂತೋಷವಾಗಲಿ ಅಷ್ಟು ಬೇಗ ಅಳಿಯಲಿಲ್ಲ. “ಈಗ ತಾನೇ ಹೇಳಲಿಲ್ಲವೇ!” ಎಂದು ನಾವು ಗದರಿದರೆ ಗದರಿಕೆಯ ಮಾತು ಮರೆತುಹೋಗಿ, ಅದರ ಕಳವಳ ಮಾತ್ರ ಉಳಿಯುತ್ತದೆ. ಆ ಕಳವಳವೇ ಮುಂದಿನ ಪ್ರಶ್ನೆಯನ್ನು ಹುಟ್ಟಿಸುತ್ತದೆ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಶ್ರೀನಿವಾಸಪುರದ ಬಳಿಯ ಹಳ್ಳಿಯೊಂದರಲ್ಲಿ ಎಪ್ಪತ್ತನಾಲ್ಕು ವರ್ಷದ ಅಜ್ಜಿಯೊಬ್ಬರಿದ್ದಾರೆ. ತವರು ಮುಳಬಾಗಿಲು. ಯಜಮಾನರು ತೀರಿಕೊಂಡು ಆರು ವರ್ಷವಾಯಿತು, ಹಸುಗಳನ್ನೂ ಮಾರಿದ್ದಾಯಿತು. ಸಂಜೆಯಾದೊಡನೆ ಅಜ್ಜಿಯು “ಅವರು ತೋಟದಿಂದ ಬಂದರೇ?” ಎಂದು ಕೇಳತೊಡಗುತ್ತಾರೆ, ಆಮೇಲೆ “ಹಾಲು ಕರೆಯಬೇಕು” ಎಂದು ಬಾಗಿಲಿಗೆ ನಡೆಯುತ್ತಾರೆ.

ಇಲ್ಲಿ ಮೊದಲು ಮಾಡಬೇಕಾದುದು ಒಂದು ವಾರದ ಲೆಕ್ಕ. ಮೊಮ್ಮಕ್ಕಳೇ ಇದನ್ನು ಬರೆದಿಡಬಹುದು: ಎಷ್ಟು ಗಂಟೆಗೆ ಕೇಳಿದರು, ಅದಕ್ಕೆ ಮೊದಲು ಏನು ನಡೆದಿತ್ತು, ಯಾವುದರಿಂದ ಸಮಾಧಾನವಾಯಿತು. ಪ್ರಶ್ನೆಗಳೆಲ್ಲವೂ ಐದರಿಂದ ಏಳು ಗಂಟೆಯೊಳಗೆ ಬರುತ್ತಿವೆಯೆಂದೂ, ತಿಂಡಿ ತಡವಾದ ದಿನ ಹೆಚ್ಚುತ್ತವೆಯೆಂದೂ ಕಂಡಿತೆನ್ನೋಣ. ಆಗ ನಾಲ್ಕೂವರೆಗೇ ತಿಂಡಿ ಕೊಟ್ಟು, ಬಚ್ಚಲಿಗೆ ಕರೆದೊಯ್ದು, ಕತ್ತಲಾಗುವ ಮೊದಲೇ ದೀಪ ಹಾಕಿ, ಕೈಗೆ ಪರಿಚಿತವಾದ ಕೆಲಸವನ್ನು ಕೊಡಬೇಕು. ಅವರೆಕಾಯಿ ಬಿಡಿಸುವುದಾಗಲಿ, ಅಕ್ಕಿ ಆರಿಸುವುದಾಗಲಿ ಆಗಬಹುದು. ಇಂಥ ಕೈಕೆಲಸದ ನೆನಪು ಹಿಪ್ಪೊಕ್ಯಾಂಪಸ್ಸನ್ನು ಅವಲಂಬಿಸಿಲ್ಲವಾದುದರಿಂದ ಅದು ಬಹುಕಾಲ ಉಳಿದಿರುತ್ತದೆ.

ಇನ್ನು ಪ್ರಶ್ನೆಗೆ ಏನು ಉತ್ತರ? “ಅವರು ತೀರಿಕೊಂಡರಲ್ಲ!” ಎಂದು ಪ್ರತಿಸಲವೂ ಹೇಳಿದರೆ ಅಜ್ಜಿಯು ಪ್ರತಿಸಲವೂ ಹೊಸದಾಗಿ ವಿಧವೆಯಾಗುತ್ತಾರೆ. “ಇನ್ನೇನು ಬರುತ್ತಾರೆ” ಎಂದರೆ ಬಾಗಿಲಲ್ಲಿ ಕಾಯುತ್ತ ನಿಲ್ಲುತ್ತಾರೆ. ಪ್ರಶ್ನೆಯ ಹಿಂದಿರುವ ಭಾವಕ್ಕೆ ಉತ್ತರ ಕೊಡುವುದು ಲೇಸು: “ಅವರ ನೆನಪಾಯಿತೇ ಅತ್ತೆ? ಆ ಮಾವಿನ ಗಿಡಗಳನ್ನು ಅವರು ನೆಟ್ಟದ್ದು ಹೇಗೆಂದು ಹೇಳಿ.” ಮಾತು ಚಿಕ್ಕದಾಗಿರಲಿ, ದನಿ ಮೆತ್ತಗಿರಲಿ. ಕೋಲಾರದ ಎಷ್ಟೋ ಮನೆಗಳಲ್ಲಿ ಹಿರಿಯರ ಮೊದಲ ಭಾಷೆ ತೆಲುಗು. ರೋಗವು ಬೆಳೆದಂತೆ ಕೆಲವರು ಮೊದಲು ಕಲಿತ ಭಾಷೆಗೇ ಮರಳುತ್ತಾರೆ. ಅಂಥವರಿಗೆ ಆ ಭಾಷೆಯಲ್ಲಿಯೇ ಉತ್ತರಿಸಬೇಕು. ಇದರಿಂದ ಪ್ರಶ್ನೆಯು ನಿಂತೇಹೋಗುವುದಿಲ್ಲ. ಕಳವಳವು ಕಡಮೆಯಾಗಿ, ಪ್ರಶ್ನೆಗಳ ನಡುವಣ ಅಂತರವು ಹೆಚ್ಚಬಹುದು, ಅಷ್ಟೆ.

ಮನೆ ಬಿಟ್ಟು ಹೊರಡುವುದೂ ಬಹುಮಟ್ಟಿಗೆ ಇದೇ ಹಳೆಯ ನೆನಪಿನ ಕೆಲಸ. ನಮಗೆ ಅದು ಗೊತ್ತುಗುರಿಯಿಲ್ಲದ ಅಲೆದಾಟದಂತೆ ಕಂಡರೂ ಹೊರಟವರಿಗೆ ಗುರಿಯಿರುತ್ತದೆ: ಕೊಟ್ಟಿಗೆ, ತೋಟ, ತವರು. ಆದರೆ ಅವರ ನೆನಪಿನ ನಕ್ಷೆಯು ಹಳೆಯದು. ಅಜ್ಜಿಯು ಬತ್ತಿದ ಕೆರೆಯ ಅಂಗಳದಲ್ಲಿ ಅಡ್ಡದಾರಿ ಹಿಡಿದು ನಡೆದಿದ್ದವರು. ಕೆ.ಸಿ. ವ್ಯಾಲಿ ಯೋಜನೆಯ ಸಂಸ್ಕರಿಸಿದ ನೀರು 2018ರಿಂದ ಜಿಲ್ಲೆಯ ಎಷ್ಟೋ ಕೆರೆಗಳನ್ನು ತುಂಬಿಸಿದೆ. ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡಗಳು ಹೊಲಹೊಲಗಳಲ್ಲಿ ಎದ್ದಿವೆ. ಜಾರುವ ಆ ಅಂಚಿನಿಂದ ಬಿದ್ದವರು ಮೇಲೇರುವುದು ಕಷ್ಟ. ಮುಳಬಾಗಿಲಿನ ಪಕ್ಕದಲ್ಲಿ ರಾಷ್ಟ್ರೀಯ ಹೆದ್ದಾರಿಯಿದೆ, ಮಾಲೂರಿನಲ್ಲಿ ರೈಲು ನಿಲ್ದಾಣವಿದೆ.

ಆದುದರಿಂದ ಬಾಗಿಲಿಗೊಂದು ಗಂಟೆಯನ್ನು ಕಟ್ಟಬೇಕು. ಅಗುಳಿಯನ್ನು ಕಣ್ಣಿಗೆ ಸುಲಭವಾಗಿ ಬೀಳದ ಎತ್ತರದಲ್ಲಿ ಇರಿಸಬೇಕು. ರೋಗಿಯೊಬ್ಬರನ್ನೇ ಒಳಗಿಟ್ಟು ಹೊರಗಿನಿಂದ ಬೀಗ ಹಾಕಲಾಗದು; ಬೆಂಕಿ ಬಿದ್ದರೆ ತಪ್ಪಿಸಿಕೊಳ್ಳಲು ದಾರಿಯಿರುವುದಿಲ್ಲ. ರವಿಕೆಯ ಒಳಭಾಗದಲ್ಲಿ ಮನೆಯ ಫೋನ್ ಸಂಖ್ಯೆಯ ಬಟ್ಟೆಯನ್ನು ಹೊಲಿಯಬೇಕು. ನೆರೆಯವರಿಗೂ ಅಂಗಡಿಯವರಿಗೂ ಬಸ್ ನಿಲ್ದಾಣದವರಿಗೂ ಮುಂಚೆಯೇ ತಿಳಿಸಿರಬೇಕು. ತಡೆದು ವಾದಿಸುವುದರ ಬದಲು ಜೊತೆಯಲ್ಲಿ ನಾಲ್ಕು ಹೆಜ್ಜೆ ನಡೆದು, “ಕಾಫಿ ಕುಡಿದು ಹೋಗೋಣ” ಎಂದು ಹಿಂದಿರುಗಿಸುವುದು ಹೆಚ್ಚು ಫಲಕಾರಿ.

ಹಾಗೂ ಕಾಣೆಯಾದರೆ? ಮೊದಲು ಮನೆ, ಕೊಟ್ಟಿಗೆ, ಹಿತ್ತಲು. ಒಡನೆಯೇ ಹತ್ತಿರದ ಕೆರೆ, ಬಾವಿ, ಹೊಂಡಗಳು. ಬಳಿಕ ಅವರು ಹೆಸರು ಹೇಳುತ್ತಿದ್ದ ಊರಿನ ದಾರಿ. ಇಂಥವರು ಕೂಗಿದರೆ ಓಗೊಡದೆ ಪೊದೆಯ ಮರೆಯಲ್ಲಿ ಸುಮ್ಮನೆ ಕುಳಿತಿರಬಹುದು, ಕಣ್ಣಿನಿಂದಲೇ ಹುಡುಕಬೇಕು. ಹದಿನೈದು ನಿಮಿಷದೊಳಗೆ ಸಿಕ್ಕದಿದ್ದರೆ 112ಕ್ಕೆ ಫೋನ್ ಮಾಡಿ, ಇತ್ತೀಚಿನ ಭಾವಚಿತ್ರವನ್ನೂ ಉಟ್ಟ ಸೀರೆಯ ಬಣ್ಣವನ್ನೂ ಪೊಲೀಸರಿಗೆ ತಿಳಿಸಬೇಕು. ಒಂದು ದಿನ ಕಾದು ನೋಡುವ ನಿಯಮವೇನೂ ಇಲ್ಲ.

ಕೊನೆಯದಾಗಿ ಒಂದು ಎಚ್ಚರಿಕೆ. ಡಿಮೆನ್ಷಿಯವು ತಿಂಗಳು ವರ್ಷಗಳಲ್ಲಿ ನಿಧಾನವಾಗಿ ಬೆಳೆಯುವಂಥದು. ಎರಡು ಮೂರು ದಿನಗಳಲ್ಲಿಯೇ ಗೊಂದಲವು ಥಟ್ಟನೆ ಹೆಚ್ಚಿದರೆ ಅದಕ್ಕೆ ಬೇರೆ ಕಾರಣವಿರುತ್ತದೆ: ಮೂತ್ರದ ಸೋಂಕು, ಮಲಬದ್ಧತೆ, ನಿರ್ಜಲತೆ, ಹೊಸ ಮಾತ್ರೆ, ತಲೆಗೆ ಬಿದ್ದ ಪೆಟ್ಟು. ಅದೇ ದಿನ ವೈದ್ಯರಲ್ಲಿಗೆ ಒಯ್ಯಬೇಕು. ಮರೆವು ಈಗ ತಾನೇ ಆರಂಭವಾಗಿದ್ದರೂ ಪರೀಕ್ಷೆ ಆಗಲೇಬೇಕು; ಥೈರಾಯ್ಡ್ ಗ್ರಂಥಿಯ ಕೊರತೆಯಿಂದಲೂ ಬಿ12 ಜೀವಸತ್ವದ ಕೊರತೆಯಿಂದಲೂ ಬರುವ ಮರೆವಿಗೆ ಚಿಕಿತ್ಸೆಯುಂಟು. ಆಲ್ಜೈಮರ್ ರೋಗಕ್ಕೆ ಕೊಡುವ ಡೊನೆಪೆಜಿಲ್ ಮಾತ್ರೆಯು ಕೆಲವರ ನೆನಪಿಗೆ ಕೆಲಕಾಲ ಸ್ವಲ್ಪ ಒತ್ತಾಸೆಯಾಗುತ್ತದೆ. ಹೊಸ್ತಿಲು ದಾಟುವ ಹೆಜ್ಜೆಯನ್ನು ತಡೆಯುವ ಮಾತ್ರೆ ಇಲ್ಲ. ಆ ಕೆಲಸವು ಮನೆಯವರದು, ಅದೂ ಒಬ್ಬರದಲ್ಲ. ಸಂಜೆ ಐದರಿಂದ ಏಳರವರೆಗಿನ ಸರದಿಯನ್ನು ಶಾಲೆಯಿಂದ ಬಂದ ಮೊಮ್ಮಗನೋ ಮೊಮ್ಮಗಳೋ ವಹಿಸಿಕೊಂಡರೆ, ಹಗಲೆಲ್ಲ ಉತ್ತರ ಹೇಳಿ ದಣಿದ ತಾಯಿಗೆ ಆ ಎರಡು ಗಂಟೆಯ ವಿಶ್ರಾಂತಿ ಸಿಕ್ಕುತ್ತದೆ.