ಕಾರ್ಖಾನೆಯ ಸದ್ದಿನ ವರದಿಯನ್ನು ಓದುವುದು ಹೇಗೆ?

ನಿಮ್ಮ ಊರಿನ ಪಕ್ಕದಲ್ಲಿ ಸಕ್ಕರೆ ಕಾರ್ಖಾನೆಯೊಂದಿದೆ ಎಂದಿಟ್ಟುಕೊಳ್ಳಿ. ಅದನ್ನು ಇಮ್ಮಡಿ ವಿಸ್ತರಿಸುವ ಪ್ರಸ್ತಾವ ಬಂದಿದೆ. ಪರಿಸರ ವರದಿಯಲ್ಲಿ ಶಬ್ದ ಸಮೀಕ್ಷೆಯ ಒಂದು ಕೋಷ್ಟಕವಿದ್ದು, ಅದರ ಕೊನೆಯಲ್ಲಿ "ಎಲ್ಲ ಮಟ್ಟಗಳೂ ಮಿತಿಯೊಳಗಿವೆ" ಎಂದು ಬರೆದಿರುತ್ತದೆ. ಆದರೆ ರಾತ್ರಿಯ ಸದ್ದಿನಿಂದ ಮನೆಯ ಮಗು ಬೆಚ್ಚಿ ಏಳುತ್ತಿದೆ, ರಕ್ತದೊತ್ತಡವಿರುವ ಅಜ್ಜಿಗೆ ನಿದ್ದೆ ಹತ್ತುತ್ತಿಲ್ಲ. ಹಾಗಾದರೆ ಆ ಕೋಷ್ಟಕದಲ್ಲಿ ನೀವು ನೋಡಬೇಕಾದದ್ದೇನು?

ಮೊದಲು ದಿನಾಂಕ ನೋಡಿ. ಸಕ್ಕರೆ ಕಾರ್ಖಾನೆ ವರ್ಷವಿಡೀ ಓಡುವುದಿಲ್ಲ. ಕಬ್ಬು ನುರಿಸುವ ಹಂಗಾಮು ಸಾಮಾನ್ಯವಾಗಿ ಅಕ್ಟೋಬರ್–ನವೆಂಬರ್‌ನಲ್ಲಿ ಶುರುವಾಗಿ ಬೇಸಿಗೆಯ ಹೊತ್ತಿಗೆ ಮುಗಿಯುತ್ತದೆ. ಆ ತಿಂಗಳುಗಳಲ್ಲಿ ಗಿರಣಿ, ಬಾಯ್ಲರ್, ಟರ್ಬೈನ್ ಹಗಲು ರಾತ್ರಿ ಓಡುತ್ತವೆ, ಕಬ್ಬಿನ ಟ್ರ್ಯಾಕ್ಟರ್‌ಗಳು ಸಾಲುಗಟ್ಟುತ್ತವೆ. ಸಮೀಕ್ಷೆ ಮೇ ತಿಂಗಳಲ್ಲಿ ನಡೆದಿದ್ದರೆ ಅಳೆದದ್ದು ಕಾರ್ಖಾನೆಯ ಸದ್ದನ್ನಲ್ಲ, ಊರಿನ ಮೌನವನ್ನು. ಯಂತ್ರಗಳು ಆಗ ಎಷ್ಟು ಸಾಮರ್ಥ್ಯದಲ್ಲಿ ಓಡುತ್ತಿದ್ದವು ಎಂಬುದೂ ವರದಿಯಲ್ಲಿರಬೇಕು.

ಎರಡನೆಯದಾಗಿ, ಯಾವ ಮಿತಿಗೆ ಹೋಲಿಸಿದ್ದಾರೆ ಎಂದು ನೋಡಿ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಕೈಗಾರಿಕಾ ಪ್ರದೇಶಕ್ಕೆ ಹಗಲು 75, ರಾತ್ರಿ 70 ಡೆಸಿಬೆಲ್. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45. ರಾತ್ರಿ ಎಂದರೆ ಹತ್ತರಿಂದ ಬೆಳಗಿನ ಆರರವರೆಗೆ. ಎಡವಟ್ಟಾಗುವುದು ಸಾಮಾನ್ಯವಾಗಿ ಇಲ್ಲೇ: ಮೀಟರ್ ಇಟ್ಟದ್ದು ನಿಮ್ಮ ಓಣಿಯಲ್ಲಿ, ಹೋಲಿಸಿದ್ದು 70ಕ್ಕೆ. ಇಲ್ಲವೇ ಇಡೀ ದಿನಕ್ಕೆ ಒಂದೇ ಸರಾಸರಿ ಕೊಟ್ಟು ರಾತ್ರಿಯನ್ನು ಹಗಲಿನೊಳಗೆ ಮರೆಸಿರುತ್ತಾರೆ.

ಈಗ ಒಂದು ಲೆಕ್ಕ ಮಾಡೋಣ. ಅಂಕಿಗಳು ಉದಾಹರಣೆಗಾಗಿ ಮಾತ್ರ. ಕಾರ್ಖಾನೆಗೆ ಹತ್ತಿರದ ಮನೆಯ ಅಂಗಳದಲ್ಲಿ, ಹಂಗಾಮಿನ ರಾತ್ರಿ 52 ಡೆಸಿಬೆಲ್ ಬಂದಿದೆ. ಈಗಿರುವಷ್ಟೇ ಯಂತ್ರಗಳು ಇನ್ನೊಂದು ಜೊತೆ ಬಂದರೆ ಸದ್ದು 104 ಆಗುವುದಿಲ್ಲ, 55 ಆಗುತ್ತದೆ. ಡೆಸಿಬೆಲ್‌ಗಳನ್ನು ತೂಕದಂತೆ ಕೂಡಲು ಬರುವುದಿಲ್ಲ. ಸದ್ದಿನ ಶಕ್ತಿ ಇಮ್ಮಡಿಯಾದಾಗ ಅಂಕಿ ಮೂರು ಮಾತ್ರ ಏರುತ್ತದೆ. "ಬರೀ ಮೂರು ಡೆಸಿಬೆಲ್ ಹೆಚ್ಚಳ" ಎಂಬ ವಾಕ್ಯ ನಿರುಪದ್ರವಿಯಂತೆ ಕಾಣುವುದು ಇದರಿಂದಲೇ. ಮಿತಿ 45. ಹಾಗಾಗಿ ಇಂದೇ ಏಳು ಹೆಚ್ಚಿದೆ, ವಿಸ್ತರಣೆಯ ನಂತರ ಹತ್ತು ಹೆಚ್ಚಾಗುತ್ತದೆ. ಹತ್ತು ಡೆಸಿಬೆಲ್ ಹೆಚ್ಚೆಂದರೆ ನಮ್ಮ ಕಿವಿಗೆ ಸುಮಾರು ಎರಡು ಪಟ್ಟು ಜೋರು.

ಇದಕ್ಕೆ ಪರಿಹಾರವಾಗಿ ವರದಿ ತಡೆಗೋಡೆ ಮತ್ತು ಹಸಿರು ಪಟ್ಟಿಯನ್ನು ಸೂಚಿಸುತ್ತದೆ. ಗೋಡೆ ಕೆಲಸ ಮಾಡುತ್ತದೆ, ಆದರೆ ಅದು ಯಂತ್ರಕ್ಕೂ ನಿಮ್ಮ ಕಿಟಕಿಗೂ ನಡುವಿನ ನೇರ ದೃಷ್ಟಿಯನ್ನು ಕಡಿದಾಗ ಮಾತ್ರ. ನೋಟ ಕಡಿದಷ್ಟಕ್ಕೇ ಸುಮಾರು ಐದು ಡೆಸಿಬೆಲ್ ಇಳಿಯುತ್ತದೆ. ಹತ್ತಕ್ಕಿಂತ ಹೆಚ್ಚು ಇಳಿಸಬೇಕಾದರೆ ಗೋಡೆ ಗಣನೀಯವಾಗಿ ಎತ್ತರವಿರಬೇಕು. ಅದು ಯಂತ್ರಕ್ಕೆ ಹತ್ತಿರವಿದ್ದರೆ ಒಳ್ಳೆಯದು. ಯಂತ್ರಕ್ಕೂ ಮನೆಗೂ ನಟ್ಟನಡುವೆ ಇದ್ದರೆ ಪ್ರಯೋಜನ ಕಡಿಮೆ. ಗೇಟಿನ ಸಂದು, ತಗಡುಗಳ ನಡುವಿನ ಬಿರುಕಿನಿಂದಲೂ ಸದ್ದು ನುಗ್ಗುತ್ತದೆ. ಮಹಡಿಯ ಮೇಲೆ ಮಕ್ಕಳು ಮಲಗುತ್ತಿದ್ದರೆ ಅಲ್ಲಿ ನಿಂತು ನೋಡಿ. ಯಂತ್ರದ ಕಟ್ಟಡ ಗೋಡೆಯ ಮೇಲಿಂದ ಕಾಣುವಂತಿದ್ದರೆ ಆ ಕೋಣೆಗೆ ಗೋಡೆ ಇದ್ದೂ ಇಲ್ಲದಂತೆ. ಇನ್ನು ಒಂದೆರಡು ಸಾಲು ಮರಗಳು ಧೂಳು ತಡೆದಾವು, ಕಣ್ಣಿಗೆ ತಂಪಾದಾವು, ಸದ್ದನ್ನು ಮಾತ್ರ ಅಷ್ಟಾಗಿ ತಡೆಯುವುದಿಲ್ಲ. ಅದಕ್ಕೆ ಹತ್ತಾರು ಮೀಟರ್ ಅಗಲದ ದಟ್ಟ ತೋಪು ಬೇಕು.

ಗೋಡೆಗೆ ಸಿಗದ ಸದ್ದೂ ಇದೆ. ಬಾಯ್ಲರ್ ಹೊಗೆಯನ್ನು ಎಳೆಯುವ ದೊಡ್ಡ ಫ್ಯಾನಿನ ಗುಂಯ್‌ಗುಡುವಿಕೆ ಚಿಮಣಿಯ ತುದಿಯಿಂದ ಹೊರಡುತ್ತದೆ. ನಮ್ಮ ಉದಾಹರಣೆಯ 55ರಲ್ಲಿ ಚಿಮಣಿಯೊಂದರದೇ 50 ಇದ್ದರೆ, ಗೋಡೆ ಉಳಿದ ಸದ್ದನ್ನೆಲ್ಲ ಪೂರ್ತಿ ನುಂಗಿದರೂ 50 ಉಳಿದೇ ಉಳಿಯುತ್ತದೆ. ಅಲ್ಲಿ ಬೇಕಾದದ್ದು ಹೊಗೆಯ ದಾರಿಯೊಳಗೇ ಕೂರಿಸುವ ಸೈಲೆನ್ಸರ್. ನಡುರಾತ್ರಿ ಒಮ್ಮೆಲೇ ಚೀರುವ ಉಗಿಯ ಕೊಳವೆಗೂ ಅದೇ ಮದ್ದು. ಹಾಗಾಗಿ ಯಾವ ಯಂತ್ರದಿಂದ ಎಷ್ಟು ಸದ್ದು ಮನೆಗಳನ್ನು ತಲುಪುತ್ತಿದೆ ಎಂದು ಬಿಡಿಸಿ ಹೇಳದ ವರದಿ ಗೋಡೆ ಸೂಚಿಸಿದರೆ, ಅದು ಅಂದಾಜಿನ ಗೋಡೆ.

ಸಾರ್ವಜನಿಕ ಅಹವಾಲು ಸಭೆ ಇರುವಲ್ಲಿ ಕನಿಷ್ಠ 30 ದಿನ ಮುಂಚೆ ಪ್ರಕಟಣೆ ಬರುತ್ತದೆ. ವರದಿಯ ಕನ್ನಡ ಸಾರಾಂಶ ಜಿಲ್ಲಾಧಿಕಾರಿ ಕಚೇರಿಯಲ್ಲಿ ಮತ್ತು ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಯಲ್ಲಿ ನೋಡಲು ಸಿಗುತ್ತದೆ. ಸಭೆಯಲ್ಲಿ ಮಾತನಾಡಲು ಹಿಂಜರಿಕೆಯಾದರೆ ಬರೆದು ಕೊಡಬಹುದು. ಮನೆಯ ಹೆಣ್ಣುಮಕ್ಕಳೂ ಕೊಡಬಹುದು. ಬರೆಯುವಾಗ "ತುಂಬಾ ಸದ್ದು" ಎಂದಷ್ಟೇ ಬರೆಯಬೇಡಿ. ಯಾವ ತಿಂಗಳು, ರಾತ್ರಿ ಎಷ್ಟು ಗಂಟೆಗೆ, ಎಂಥ ಸದ್ದು ಎಂದು ಒಂದು ವಾರ ಗುರುತು ಹಾಕಿಕೊಂಡು ಬರೆಯಿರಿ. ಜೊತೆಗೆ ಈ ಪ್ರಶ್ನೆ ಸೇರಿಸಿ: ಗೋಡೆ ಕಟ್ಟಿದ ಮೇಲೆ, ನುರಿಸುವ ಹಂಗಾಮಿನ ರಾತ್ರಿಯಲ್ಲಿ, ನಮ್ಮ ಮನೆಯ ಮುಂದೆ ಮೀಟರ್ ಇಟ್ಟು ಮತ್ತೊಮ್ಮೆ ಅಳೆಯುವವರು ಯಾರು, ಯಾವಾಗ?