ಎಚ್-4 ವೀಸಾ: ಸಂಗಾತಿಗೆ ಕೆಲಸ ಯಾವಾಗ?

ಅಮೆರಿಕದಲ್ಲಿ ಎಚ್-1ಬಿ ವೀಸಾದ ಮೇಲೆ ದುಡಿಯುವವರ ಪತಿ ಅಥವಾ ಪತ್ನಿಗೂ 21 ವರ್ಷದೊಳಗಿನ ಅವಿವಾಹಿತ ಮಕ್ಕಳಿಗೂ ಸಿಗುವುದು ಎಚ್-4. ಇದರಲ್ಲಿ ಓದಬಹುದು, ದುಡಿಯಲು ವೀಸಾ ಒಂದೇ ಸಾಲದು. 2015ರ ಮೇ 26ರಿಂದ ಜಾರಿಗೆ ಬಂದ ನಿಯಮವು ಕೆಲವು ಸಂಗಾತಿಗಳಿಗಷ್ಟೇ ಉದ್ಯೋಗ ಪರವಾನಗಿ ಪತ್ರ, ಅಂದರೆ ಇಎಡಿ ಕೊಡುತ್ತದೆ.

ಬೆಂಗಳೂರಿನ ಎಂಜಿನಿಯರ್ ಒಬ್ಬರು ಎಚ್-1ಬಿಯಲ್ಲಿ ಹೋದರೆಂದುಕೊಳ್ಳಿ. ಕಂಪನಿಯು ಅವರ ಗ್ರೀನ್ ಕಾರ್ಡ್‌ಗಾಗಿ ಸಲ್ಲಿಸಿದ ಐ-140 ಅರ್ಜಿ ಮಂಜೂರಾಗುವವರೆಗೆ ಪತ್ನಿ ಸಾಮಾನ್ಯವಾಗಿ ಕಾಯಲೇಬೇಕು. ಮಂಜೂರಾದ ಮೇಲೆ ಪತ್ನಿ ಇಎಡಿಗಾಗಿ ಐ-765 ಅರ್ಜಿ ಹಾಕಬಹುದು. ಅರ್ಜಿ ಹಾಕಿದ ರಸೀದಿ ಹಿಡಿದು ಕೆಲಸಕ್ಕೆ ಸೇರುವಂತಿಲ್ಲ. ಮೊದಲು ಪರವಾನಗಿ ಸಿಗಬೇಕು. ಸಿಕ್ಕ ಬಳಿಕ ಯಾವುದೇ ಉದ್ಯೋಗ ಮಾಡಬಹುದು, ಸ್ವಂತ ವ್ಯವಹಾರವನ್ನೂ ನಡೆಸಬಹುದು. ಭಾರತೀಯರ ಗ್ರೀನ್ ಕಾರ್ಡ್ ಸರದಿ ವರ್ಷಗಟ್ಟಲೆ ಎಳೆಯುವುದರಿಂದ ಓದಿದ ಎಷ್ಟೋ ಹೆಣ್ಣುಮಕ್ಕಳ ವೃತ್ತಿಬದುಕು ಈ ಇಎಡಿಯನ್ನೇ ನೆಚ್ಚಿಕೊಂಡಿದೆ.

ಮಕ್ಕಳಿಗೆ ಈ ಪರವಾನಗಿ ಇಲ್ಲ. 21 ತುಂಬಿದರೆ ಎಚ್-4 ಮುಗಿಯುತ್ತದೆ. ಅಲ್ಲೇ ಓದು ಮುಂದುವರಿಸಲು ಎಫ್-1ರಂಥ ಬೇರೆ ವೀಸಾ ಸ್ಥಾನಮಾನ ಪಡೆಯಬೇಕು.

ಎಚ್-4ರೊಡನೆ ಗೊಂದಲವಾಗುವ ಇನ್ನೆರಡು ವೀಸಾಗಳಿವೆ: ವಿದ್ಯಾರ್ಥಿಗಳ ಸಂಗಾತಿಗೆ ಸಿಗುವ ಎಫ್-2ರಲ್ಲಿ ಕೆಲಸ ನಿಷಿದ್ಧ. ಕಂಪನಿಯೊಳಗಿನ ವರ್ಗಾವಣೆಯ ಎಲ್-1 ನೌಕರರ ಸಂಗಾತಿಗೆ (ಎಲ್-2) 2021ರ ನವೆಂಬರ್‌ನಿಂದ ಪ್ರತ್ಯೇಕ ಇಎಡಿ ಬೇಕಿಲ್ಲ.